ಆನೆಯಿಲ್ಲದೆ ನಿಂತ ದಾರಿ

ಗುಂಡ್ಲುಪೇಟೆಯ ಕಡೆಯವರಾದ ನಮಗೆ ದಾರಿ ನಿಲ್ಲುವುದೆಂದರೆ ಹೊಸತೇನೂ ಅಲ್ಲ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಆನೆಯೊಂದು ಕಬ್ಬಿನ ಲಾರಿಯನ್ನು ತಡೆದು ತನ್ನ ಸುಂಕವನ್ನು ವಸೂಲು ಮಾಡಿಕೊಳ್ಳುವುದುಂಟು. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಂತೂ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಕೆಲವೇ ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ಇಲ್ಲೆಲ್ಲ ದಾರಿ ನಿಂತಿತೆಂದರೆ ಅದಕ್ಕೊಂದು ಕಾರಣವಿರುತ್ತದೆ. ಬಸ್ಸಿನಿಂದಿಳಿದು ನಾಲ್ಕು ಹೆಜ್ಜೆ ಮುಂದೆ ಹೋದರೆ ಆ ಕಾರಣವನ್ನು ಕಣ್ಣಾರೆ ಕಾಣಬಹುದು.

ಈ ಅನುಭವವನ್ನು ನೆಚ್ಚಿಕೊಂಡು ನಾವು ಒಂದು ಬೆಳಿಗ್ಗೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಗರ ಸಾರಿಗೆಯ ಬಸ್ಸನ್ನೇರಿದೆವು. ಜೊತೆಯಲ್ಲಿ ತೆರಕಣಾಂಬಿಯ ಕಡೆಯ ವೃದ್ಧರೊಬ್ಬರಿದ್ದರು. ಮಗಳ ಮನೆಗೆ ಹೊರಟಿದ್ದರು. ಸ್ವಲ್ಪ ದೂರ ಚೆನ್ನಾಗಿಯೇ ಓಡಿದ ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಮುಂದೆ ಕಾರುಗಳು, ಹಿಂದೆ ಕಾರುಗಳು, ಸಂದುಗಳಲ್ಲಿ ಸ್ಕೂಟರುಗಳು. ಹತ್ತು ನಿಮಿಷ ಕಳೆಯಿತು. ವೃದ್ಧರು ಕಿಟಕಿಯಿಂದ ತಲೆ ಹೊರಹಾಕಿ ನೋಡಿ, ಕಂಡಕ್ಟರನನ್ನು ಕೇಳಿಯೇಬಿಟ್ಟರು:

“ಏನಪ್ಪ, ಮುಂದ ಆನಗೀನ ಬಂದು ನಿಂತದಾ?”

“ಆನೆ ಇಲ್ಲ ಅಜ್ಜ, ಟ್ರಾಫಿಕ್ಕು” ಎಂದು ಆತ ಟಿಕೆಟ್ಟು ಹರಿಯುವುದನ್ನು ಮುಂದುವರಿಸಿದ.

ಕೊನೆಗೆ ಬಸ್ಸು ಹೊರಟಿತು. ಕ್ರಮೇಣ ವೇಗವಾಗಿಯೇ ಓಡತೊಡಗಿತು. ತಡೆಯಾದ ಸ್ಥಳವನ್ನು ನೋಡಬೇಕೆಂದು ನಾವಿಬ್ಬರೂ ಕಣ್ಣು ಬಿಟ್ಟುಕೊಂಡು ಕುಳಿತಿದ್ದೆವು. ಅಲ್ಲಿ ಅಪಘಾತವಿರಲಿಲ್ಲ, ಅಗೆದ ಗುಂಡಿಯಿರಲಿಲ್ಲ, ಅಡ್ಡರಸ್ತೆಯಿರಲಿಲ್ಲ, ಕೆಂಪು ದೀಪವೂ ಇರಲಿಲ್ಲ. ಹಾಗಾದರೆ ಅಷ್ಟು ಹೊತ್ತು ನಮ್ಮನ್ನು ತಡೆದು ನಿಲ್ಲಿಸಿದ್ದು ಯಾವುದು?

ಈ ಪ್ರಶ್ನೆಗೆ ಜಪಾನಿನ ವಿಜ್ಞಾನಿಗಳು ಬಹು ಸರಳವಾದ ಪ್ರಯೋಗವೊಂದರಿಂದ ಉತ್ತರವಿತ್ತಿದ್ದಾರೆ. ನಾಗೋಯಾ ವಿಶ್ವವಿದ್ಯಾನಿಲಯದ ಯೂಕಿ ಸುಗಿಯಾಮ ಮತ್ತು ಅವರ ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಸಮತಟ್ಟಾದ ನೆಲದ ಮೇಲೆ 230 ಮೀಟರು ಸುತ್ತಳತೆಯ ವೃತ್ತವೊಂದನ್ನು ಗುರುತಿಸಿ, ಅದರ ಮೇಲೆ 22 ಕಾರುಗಳನ್ನು ಸಮಾನ ಅಂತರದಲ್ಲಿ ನಿಲ್ಲಿಸಿದರು. ಗಂಟೆಗೆ 30 ಕಿಲೋಮೀಟರಿನಂತೆ, ಮುಂದಿನ ಕಾರಿಗೆ ತಾಗದಂತೆ, ಒಂದೇ ಸಮನೆ ಸುತ್ತುತ್ತಿರಿ ಎಂದಷ್ಟೇ ಚಾಲಕರಿಗೆ ಹೇಳಲಾಯಿತು. ವೃತ್ತಕ್ಕೆ ಮೊದಲಿಲ್ಲ, ಕೊನೆಯಿಲ್ಲ. ದೀಪವಿಲ್ಲ, ತಿರುವಿಲ್ಲ, ಕಿರಿದಾದ ಸೇತುವೆಯಿಲ್ಲ. ಮೊದಮೊದಲು ಎಲ್ಲ ಕಾರುಗಳೂ ಮಣಿಸರದ ಮಣಿಗಳಂತೆ ಸಲೀಸಾಗಿ ಸಾಗಿದವು. ಸ್ವಲ್ಪ ಹೊತ್ತಿನಲ್ಲೇ ಒಂದೆಡೆ ಅಂತರ ಕಡಿಮೆಯಾಗಿ, ಇನ್ನೊಂದೆಡೆ ಹೆಚ್ಚಾಗಿ, ಕೆಲವು ಕಾರುಗಳು ಪೂರ್ತಿಯಾಗಿ ನಿಂತೇಬಿಟ್ಟವು. ಮುಂದಿನ ಕಾರು ಬಿಡಿಸಿಕೊಂಡು ಹೊರಡುವಷ್ಟರಲ್ಲಿ ಹಿಂದಿನದು ಬಂದು ಸೇರುತ್ತಿತ್ತು. ಯಾರ ತಪ್ಪೂ ಇಲ್ಲದೆ, ಯಾವ ಅಡ್ಡಿಯೂ ಇಲ್ಲದೆ, ಅಚ್ಚ ಬೆಂಗಳೂರಿನ ದಟ್ಟಣೆಯೊಂದು ನಾಗೋಯಾದಲ್ಲಿ ಹುಟ್ಟಿತ್ತು!

ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕೋಣ. 230 ಮೀಟರನ್ನು 22 ಕಾರುಗಳಿಗೆ ಹಂಚಿದರೆ ಒಂದೊಂದಕ್ಕೆ ಹತ್ತೂವರೆ ಮೀಟರು ದೊರೆಯುತ್ತದೆ. ಕಾರಿನ ಉದ್ದವೇ ನಾಲ್ಕೂವರೆ ಮೀಟರೆಂದು ಕಳೆದರೆ ಎರಡು ಕಾರುಗಳ ನಡುವೆ ಉಳಿಯುವುದು ಆರು ಮೀಟರು. ಗಂಟೆಗೆ 30 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು ಎಂಟೂಕಾಲು ಮೀಟರು. ಎಂದರೆ ಆ ಆರು ಮೀಟರನ್ನು ದಾಟಲು ಮುಕ್ಕಾಲು ಸೆಕೆಂಡೂ ಬೇಡ. ಆದರೆ ಮುಂದಿನವನು ನಿಧಾನಿಸಿದನೆಂಬುದನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕನ್ನು ಒತ್ತುವುದಕ್ಕೆ ಮನುಷ್ಯನಿಗೆ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ದಟ್ಟಣೆಯ ಬೀಜವಿರುವುದು ಈ ವಿಳಂಬದಲ್ಲಿ.

ಬೆಂಗಳೂರಿನ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರಿನಂತೆ ಒತ್ತೊತ್ತಾಗಿ ಸಾಗುತ್ತಿರುವ ಸಾಲೊಂದನ್ನು ಊಹಿಸಿಕೊಳ್ಳಿ. ಮೊದಲನೆಯ ಚಾಲಕನು ಸಿನಿಮಾ ಫಲಕವೊಂದನ್ನು ನೋಡುವ ಆಸೆಯಿಂದ ವೇಗವನ್ನು 35ಕ್ಕೆ ಇಳಿಸುತ್ತಾನೆ. ಎರಡನೆಯವನಿಗೆ ಅದು ಒಂದು ಸೆಕೆಂಡು ತಡವಾಗಿ ತಿಳಿಯುತ್ತದೆ. ಅಷ್ಟರಲ್ಲಿ ಅವನು ತೀರ ಹತ್ತಿರ ಬಂದುಬಿಟ್ಟಿರುವುದರಿಂದ 35 ಸಾಲದು, 30ಕ್ಕೆ ಇಳಿಯಬೇಕಾಗುತ್ತದೆ. ಮೂರನೆಯವನು ಇದೇ ಕಾರಣದಿಂದ 25ಕ್ಕೆ ಇಳಿಯುತ್ತಾನೆ. ಹೀಗೆ ಒಬ್ಬೊಬ್ಬನೂ ಐದೈದು ಕಿಲೋಮೀಟರು ಹೆಚ್ಚಾಗಿ ಇಳಿಸುತ್ತ ಹೋದರೆ ಎಂಟನೆಯವನು ನಿಂತೇ ಬಿಡುತ್ತಾನೆ. ಫಲಕ ನೋಡಿದ ಮಹಾನುಭಾವನಾದರೋ ಆ ವೇಳೆಗೆ ಏನೂ ಅರಿಯದೆ ಮುಂದೆ ಸಾಗಿಹೋಗಿರುತ್ತಾನೆ. ಎಂಟನೆಯವನ ಹಿಂದಿರುವವರು ಮಾತ್ರ ಒಬ್ಬರನ್ನೊಬ್ಬರು ಶಪಿಸುತ್ತ ನಿಂತಿರುತ್ತಾರೆ.

ಇಲ್ಲಿ ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ವಾಹನಗಳು ಮುಂದಕ್ಕೆ ಸಾಗಿದರೆ ದಟ್ಟಣೆಯು ಹಿಂದಕ್ಕೆ ಸಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ದರ್ಶನದ ಸಾಲಿನಲ್ಲಿ ನಿಂತವರಿಗೆಲ್ಲ ಇದು ಗೊತ್ತು. ಮುಂದಿನ ಭಕ್ತನು ಒಂದು ಹೆಜ್ಜೆ ಇಟ್ಟರೆ ಅವನ ಹಿಂದೆ ತೆರವಾದ ಜಾಗಕ್ಕೆ ಎರಡನೆಯವನು, ಅವನ ಜಾಗಕ್ಕೆ ಮೂರನೆಯವನು ಬರುತ್ತಾನೆ. ಜನರು ದೇವರ ಕಡೆಗೂ ತೆರವು ಬಾಗಿಲ ಕಡೆಗೂ ಸಾಗುತ್ತವೆ. ರಸ್ತೆಯಲ್ಲಿ ನಿಂತ ವಾಹನಕ್ಕೆ ಮುಂದಿನ ಸಂದನ್ನೂ ಸೇರಿಸಿ ಏಳು ಮೀಟರು ಬೇಕೆನ್ನೋಣ. ಮುಂದಿನದು ಹೊರಟ ಮೇಲೆ ಹಿಂದಿನದು ಹೊರಡಲು ಒಂದೂಕಾಲು ಸೆಕೆಂಡು ಹಿಡಿಯಿತೆನ್ನೋಣ. ಹಾಗಾದರೆ ‘ಹೊರಡಿ’ ಎಂಬ ಸಂದೇಶವು ಒಂದೂಕಾಲು ಸೆಕೆಂಡಿಗೆ ಏಳು ಮೀಟರಿನಂತೆ, ಎಂದರೆ ಗಂಟೆಗೆ ಸುಮಾರು 20 ಕಿಲೋಮೀಟರಿನಂತೆ ಹಿಂದಕ್ಕೆ ಹರಿಯುತ್ತದೆ. ನಾಗೋಯಾದ ವೃತ್ತದಲ್ಲಿ ಕಂಡುಬಂದ ವೇಗವೂ ಹೆಚ್ಚುಕಡಿಮೆ ಇದೇ. ಸಾಲಿನಲ್ಲಿ ನೂರನೆಯವರಾಗಿ ನಿಂತವರಿಗೆ ಈ ಸಂದೇಶ ಮುಟ್ಟಲು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಹಾರ್ನನ್ನು ಒತ್ತಿದರೂ ಸಂದೇಶದ ವೇಗ ಹೆಚ್ಚುವುದಿಲ್ಲ.

ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಇದೂ ಗಂಟೆಗೆ ಸುಮಾರು 20 ಕಿಲೋಮೀಟರೇ. ನಾವು ಮುಂದಕ್ಕೆ ಹೋಗುವಷ್ಟೇ ವೇಗದಲ್ಲಿ ದಟ್ಟಣೆಯು ಹಿಂದಕ್ಕೆ ಹೋಗುತ್ತದೆಯೆಂದಾಯಿತು! ನಾವು ದಟ್ಟಣೆಯ ಹುಟ್ಟೂರನ್ನು ಹುಡುಕಿದ ಕಡೆ ಏನೂ ಸಿಗದಿದ್ದುದು ಆಶ್ಚರ್ಯವಲ್ಲ. ಅದು ಇನ್ನೂ ಮುಂದೆ ಎಲ್ಲಿಯೋ ಹುಟ್ಟಿ, ಹಿಂದಕ್ಕೆ ಹರಿದು ಬಂದು, ನಮ್ಮನ್ನು ಹಾದು, ನಮ್ಮ ಹಿಂದಿನವರನ್ನು ಹಿಡಿಯಲು ಹೊರಟುಹೋಗಿತ್ತು.

ಈ ತರಂಗವನ್ನು ಅಡಗಿಸಲು ಸಾಧ್ಯವೇ? ಅಮೆರಿಕದ ಅರಿಜೋನದಲ್ಲಿ ಇದೇ ಬಗೆಯ ವೃತ್ತದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಾರುಗಳನ್ನು ಓಡಿಸಿ, ತರಂಗವೆದ್ದ ಮೇಲೆ ಅವುಗಳಲ್ಲಿ ಒಂದೇ ಒಂದನ್ನು ಮಾತ್ರ ಸಮವೇಗದಲ್ಲಿ ಸಾಗುವಂತೆ ನಿಯಂತ್ರಿಸಿ ನೋಡಿದರು. ಆ ಕಾರು ಮುಂದೆ ಜಾಗ ಕಂಡಾಗ ನುಗ್ಗಲಿಲ್ಲ. ಆದುದರಿಂದ ಮುಂದಿನವರು ನಿಧಾನಿಸಿದಾಗ ಗಕ್ಕನೆ ನಿಲ್ಲಬೇಕಾಗಲೂ ಇಲ್ಲ. ಅದರ ಮುಂದಿದ್ದ ತೆರವು ಮೆತ್ತೆಯಂತೆ ತರಂಗವನ್ನು ನುಂಗಿಕೊಂಡಿತು. ಇಡೀ ಸಾಲು ಸಲೀಸಾಗಿ, ಪೆಟ್ರೋಲಿನ ಖರ್ಚು ಶೇಕಡ 40ರವರೆಗೆ ಇಳಿಯಿತು.

“ಬೆಂಗಳೂರಿನಲ್ಲಿ ಅಂತರ ಬಿಟ್ಟರೆ ಅದರೊಳಕ್ಕೆ ಎರಡು ಆಟೋಗಳೂ ಮೂರು ಸ್ಕೂಟರುಗಳೂ ನುಗ್ಗುತ್ತವೆಯಲ್ಲ!” ಎಂದು ವಾಚಕರು ನಗಬಹುದು. ನುಗ್ಗುತ್ತವೆ, ನಿಜ. ಆದರೆ ಒಂದು ವಾಹನ ನುಗ್ಗಿದರೆ ನಮಗಾಗುವ ನಷ್ಟ ಹೆಚ್ಚೆಂದರೆ ಎರಡು ಸೆಕೆಂಡು. ದಾರಿಯುದ್ದಕ್ಕೂ ಇಪ್ಪತ್ತು ವಾಹನಗಳು ನುಗ್ಗಿದರೂ ನಾವು ಕಳೆದುಕೊಳ್ಳುವುದು ನಲವತ್ತು ಸೆಕೆಂಡು.

ಈ ಉಪಾಯಕ್ಕೆ ಒಂದು ಮಿತಿಯಿದೆ. ನಮ್ಮ ಬಸ್ಸು ರೇಷ್ಮೆ ಮಂಡಳಿಯ ಕೂಡುರಸ್ತೆಯನ್ನು ಸೇರಿದಾಗ ಅದು ನಮಗೆ ಮನದಟ್ಟಾಯಿತು. ಹೊಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಸ್ಥಳಕ್ಕೆ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ ಹೆಸರು ಬಂದಿದೆ. ನಮ್ಮ ಜಿಲ್ಲೆಯಲ್ಲಿ ರೇಷ್ಮೆಯ ಎಳೆ ಗೂಡಿನಿಂದ ಸಿಕ್ಕಿಲ್ಲದೆ ಬಿಚ್ಚುತ್ತದೆ. ಇಲ್ಲಿ ಮಾತ್ರ ಎಳೆ ಬಿಡಿಸಬಲ್ಲವರನ್ನು ಕಾಣೆವು. ಇಲ್ಲಿಯ ದಟ್ಟಣೆ ಹಿಂದಕ್ಕೆ ಹರಿದುಹೋಗುವ ತರಂಗವಲ್ಲ. ಅದರ ತಲೆ ಒಂದೇ ಕಡೆ ನಿಂತಿರುತ್ತದೆ, ಬಾಲ ಮಾತ್ರ ಬೆಳೆಯುತ್ತದೆ. ಎರಡನ್ನೂ ಬೇರೆಬೇರೆಯೆಂದು ಗುರುತಿಸುವ ಲಕ್ಷಣವೇ ಇದು.

ಹಸಿರು ದೀಪವಿದ್ದಾಗ ಒಂದು ಸಾಲಿನಲ್ಲಿ ಎರಡು ಸೆಕೆಂಡಿಗೊಂದರಂತೆ ವಾಹನಗಳು ದಾಟುತ್ತವೆ. ಗಂಟೆಯಿಡೀ ಹಸಿರಾಗಿದ್ದರೆ 1800. ಅರ್ಧ ಹೊತ್ತು ಕೆಂಪೆಂದರೆ 900. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಗಂಟೆಗೆ 1000 ವಾಹನಗಳು ಬಂದವೆನ್ನೋಣ. ಗಂಟೆಗೆ ನೂರರಂತೆ ಹತ್ತು ಗಂಟೆಗೆ 200 ವಾಹನಗಳು ಉಳಿದು, ಸಾಲು 1400 ಮೀಟರು ಬೆಳೆದಿರುತ್ತದೆ. ಹತ್ತರ ನಂತರ ಬರುವವು 800ಕ್ಕೆ ಇಳಿದರೂ ಗಂಟೆಗೆ ನೂರು ಮಾತ್ರ ಕರಗುವುದರಿಂದ, ಎಂಟು ಗಂಟೆಯ ಸಂದಣಿ ತೀರುವುದು ಮಧ್ಯಾಹ್ನ ಹನ್ನೆರಡಕ್ಕೆ! ಹನ್ನೊಂದೂವರೆಗೆ ಬಂದವನು ‘ಈ ಹೊತ್ತಿನಲ್ಲೂ ಏಕಿಷ್ಟು?’ ಎಂದು ಕೇಳಿದರೆ, ಅವನು ಸಿಕ್ಕಿಕೊಂಡಿರುವುದು ಎಂಟು ಗಂಟೆಯ ದಟ್ಟಣೆಯಲ್ಲಿ.

ಇಂಥಲ್ಲಿ ಚಾಲಕನ ಜಾಣತನ ಸಾಲನ್ನು ಮೊಟಕುಗೊಳಿಸಲಾರದು. ಆದರೆ ಇದೇ ಲೆಕ್ಕದಲ್ಲಿ ಆಶೆಯ ಮಾತೂ ಅಡಗಿದೆ. ಆ 1000 ವಾಹನಗಳಲ್ಲಿ ಹತ್ತಕ್ಕೊಂದು ಮಾತ್ರ ಏಳು ಗಂಟೆಗೇ ಹೊರಟಿದ್ದರೆ, ಇಲ್ಲವೆ ಮನೆಯಲ್ಲೇ ಉಳಿದು ಅದರ ಒಡೆಯನು ಬಸ್ಸನ್ನೇರಿದ್ದರೆ, ಬರುವವೂ 900, ದಾಟುವವೂ 900. ಸಾಲು ಹುಟ್ಟುತ್ತಲೇ ಇರಲಿಲ್ಲ. 2024ರಲ್ಲಿ ರಾಗಿಗುಡ್ಡದಿಂದ ಇಲ್ಲಿಗೆ ಎರಡಂತಸ್ತಿನ ಮೇಲ್ಸೇತುವೆಯೂ, 2025ರ ಆಗಸ್ಟಿನಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗವೂ ತೆರೆದವು. ರೈಲು ಎಲ್ಲರನ್ನೂ ಸೆಳೆಯಬೇಕಾಗಿಲ್ಲ. ಹೆಚ್ಚಾದ ಆ ಹತ್ತಕ್ಕೊಂದನ್ನು ಸೆಳೆದರೂ ಉಳಿದ ಒಂಬತ್ತರ ದಾರಿ ಬಿಡಿಸಿದಂತಾಗುತ್ತದೆ.

ಇದನ್ನೆಲ್ಲ ನಾವು ಸಾಧ್ಯವಾದಷ್ಟು ತಿಳಿಯಾಗಿ ವೃದ್ಧರಿಗೆ ವಿವರಿಸಿದೆವು. ಅದಕ್ಕೆ ಬೇಕಾದ ಸಮಯವನ್ನು ರೇಷ್ಮೆ ಮಂಡಳಿಯ ಕೂಡುರಸ್ತೆಯೇ ಧಾರಾಳವಾಗಿ ಒದಗಿಸಿತ್ತು. ಅವರು ಎಲ್ಲವನ್ನೂ ಕೇಳಿ, ಒಂದೊಂದು ಕಾರಿನಲ್ಲೂ ಒಬ್ಬೊಬ್ಬರೇ ಕುಳಿತಿದ್ದುದನ್ನು ಕಿಟಕಿಯಿಂದ ನೋಡಿ, “ನಮ್ಮೂರಲ್ಲಿ ಒಂದು ಆನ ನೂರು ಗಾಡಿ ನಿಲ್ಲಿಸ್ತದ. ಇಲ್ಲಿ ಗಾಡಿಗೊಂದು ಆನ ಕುಂತದಲ್ಲ ಸ್ವಾಮಿ!” ಎಂದರು. ಅಷ್ಟರಲ್ಲಿ ದೀಪ ಹಸಿರಾಯಿತು. ನಮ್ಮ ಬಸ್ಸು ಏಳು ಮೀಟರು ಮುಂದೆ ಹೋಗಿ ಮತ್ತೆ ನಿಂತಿತು.