ಬಸ್ ನಿಲ್ದಾಣಕ್ಕೆ ಬಾರದವರ ಲೆಕ್ಕ

ಮೊಬೈಲಿಗೆ ಬಂದು ಬೀಳುವ ಸಮೀಕ್ಷೆಯ ಚಿತ್ರಗಳನ್ನು ನಾವು ನೋಡುವುದು ಎರಡೋ ಮೂರೋ ಸೆಕೆಂಡು. ಅಂಥದ್ದೊಂದನ್ನು ಇಲ್ಲಿ ನಿಧಾನವಾಗಿ ನೋಡೋಣ. ಊರನ್ನೂ ಅಂಕಿಗಳನ್ನೂ ನಾನು ಲೆಕ್ಕಕ್ಕೆಂದು ಕಟ್ಟಿಕೊಂಡಿದ್ದೇನೆ. ಚಿತ್ರ ಮಾತ್ರ ನೀವೆಲ್ಲ ಕಂಡಿರುವಂಥದ್ದೇ.

ನಡುವೆ ನೀಲಿ ಬಣ್ಣದ ದೊಡ್ಡ ವೃತ್ತ, ಅದರೊಳಗೆ ದಪ್ಪ ಅಕ್ಷರದಲ್ಲಿ 82%. ಮೇಲೆ ತಲೆಬರಹ: ‘ನಮ್ಮ ಪಟ್ಟಣದಲ್ಲಿ ಮನೆಮನೆಗೂ ದಿನವೂ ನೀರು’. ಎಡ ಮೂಲೆಯಲ್ಲಿ ಒಂದು ಸಣ್ಣ ಫೋಟೊ. ಪ್ಯಾಡ್ ಹಿಡಿದ ಯುವಕನೊಬ್ಬ ಹೆಗಲಿಗೆ ಬ್ಯಾಗ್ ಹಾಕಿಕೊಂಡವರನ್ನು ಮಾತಾಡಿಸುತ್ತಿದ್ದಾನೆ. ಹಿಂದೆ ಬಸ್ಸಿನ ಬೋರ್ಡು ಕಾಣುತ್ತದೆ. ತೀರಾ ಕೆಳಗೆ, ಬೆರಳಿನಿಂದ ಹಿಗ್ಗಿಸಿದರಷ್ಟೇ ಓದಲಾಗುವ ಸಾಲು: ‘ಬಸ್ ನಿಲ್ದಾಣದ ಎದುರು, ಸೋಮವಾರ ಬೆಳಿಗ್ಗೆ 9ರಿಂದ 11. ಹಾದುಹೋದ ಪ್ರತಿ 5ನೆಯ ವ್ಯಕ್ತಿ. ಒಟ್ಟು 200 ಜನ. ಪ್ರಶ್ನೆ: ನಿಮ್ಮ ಮನೆಗೆ ದಿನವೂ ನೀರು ಬರುತ್ತಿದೆ ಅಲ್ಲವೇ?’

ಇಡೀ ಚಿತ್ರದಲ್ಲಿ ಓದಬೇಕಾದದ್ದು ಆ ಕೊನೆಯ ಸಾಲನ್ನೇ. ಯಾರನ್ನು ಕೇಳಿದರು, ಎಲ್ಲಿ ಕೇಳಿದರು, ಹೇಗೆ ಆರಿಸಿದರು, ಯಾವ ಮಾತಿನಲ್ಲಿ ಕೇಳಿದರು ಎಂಬುದೆಲ್ಲ ಅಲ್ಲಿದೆ.

‘ಪ್ರತಿ 5ನೆಯ ವ್ಯಕ್ತಿ’ ಎಂಬ ಮಾತು ಕಿವಿಗೆ ಶಾಸ್ತ್ರೀಯವಾಗಿ ಕೇಳಿಸುತ್ತದೆ. ಯುವಕ ತನಗೆ ಬೇಕಾದವರನ್ನು ಹೆಕ್ಕಲಿಲ್ಲ, ಎಣಿಸಿ ಆರಿಸಿದ ಎಂಬುದೂ ನಿಜ. ಆದರೆ ಅವನು ಎಣಿಸಿದ್ದು ಬಸ್ ನಿಲ್ದಾಣದ ಮುಂದೆ ಹಾದುಹೋದವರನ್ನು, ಊರಿನ ಮನೆಗಳನ್ನಲ್ಲ. ಆ ಹೊತ್ತಿನಲ್ಲಿ ಅಲ್ಲಿಗೆ ಬಾರದವರು ಯಾರು? ಟ್ಯಾಂಕರ್ ಬರುತ್ತದೆಂದು ಕೊಡ ಇಟ್ಟುಕೊಂಡು ಮನೆಮುಂದೆ ಕಾಯುವವರು. ಅಂದರೆ ನೀರು ಬಾರದಿರುವುದೇ ಅವರು ಸಮೀಕ್ಷೆಯಿಂದ ಹೊರಗುಳಿಯಲು ಕಾರಣ. ಅಳೆಯಹೊರಟ ಸಂಗತಿಯೇ ಜನರನ್ನು ಲೆಕ್ಕದಿಂದ ಹೊರಗಿಟ್ಟಾಗ ಹುಟ್ಟುವ ಓರೆಯನ್ನು ಆಯ್ಕೆಯ ಪಕ್ಷಪಾತ ಎನ್ನುತ್ತಾರೆ. ಯಾರೂ ಬೇಕೆಂದು ಮೋಸ ಮಾಡಬೇಕಿಲ್ಲ; ನಿಂತ ಜಾಗವೇ ಅದನ್ನು ಮಾಡಿಬಿಡುತ್ತದೆ.

ಈ ಊರಿನಲ್ಲಿ 6,000 ಮನೆಗಳಿವೆ ಎನ್ನೋಣ. ಓವರ್‌ಹೆಡ್ ಟ್ಯಾಂಕಿನ ಸುತ್ತಲಿನ ಹಳೇಪೇಟೆಯಲ್ಲಿ 4,000, ಹೊಸ ಬಡಾವಣೆಯಲ್ಲಿ 1,500, ದಿಣ್ಣೆಯ ಮೇಲಿನ ಕಾಲೊನಿಯಲ್ಲಿ 500. ದಿನವೂ ನೀರು ಬರುವುದು ಹಳೇಪೇಟೆಯ ನೂರಕ್ಕೆ 90 ಮನೆಗಳಿಗೆ, ಬಡಾವಣೆಯ 50 ಮನೆಗಳಿಗೆ, ದಿಣ್ಣೆಯ 10 ಮನೆಗಳಿಗೆ. ಲೆಕ್ಕ ಹಾಕಿದರೆ 3,600, 750 ಮತ್ತು 50, ಒಟ್ಟು 4,400 ಮನೆಗಳು. ಊರಿನ ನಿಜವಾದ ಉತ್ತರ ಸುಮಾರು 73%. ಬಸ್ ನಿಲ್ದಾಣದ 200 ಜನರಲ್ಲಿ 170 ಮಂದಿ ಹಳೇಪೇಟೆಯವರು, 20 ಮಂದಿ ಬಡಾವಣೆಯವರು, 10 ಮಂದಿ ದಿಣ್ಣೆಯವರು ಸಿಕ್ಕಿದ್ದರೆ ‘ಹೌದು’ ಎನ್ನುವವರು 153, 10 ಮತ್ತು 1, ಒಟ್ಟು 164 ಮಂದಿ. ಅದೇ ಆ 82%. ಎಲ್ಲರೂ ನಿಜವನ್ನೇ ಹೇಳಿದ್ದಾರೆ, ಉತ್ತರ ಮಾತ್ರ ತಪ್ಪಾಗಿದೆ.

ಹಾಗಾದರೆ 200ರ ಬದಲು 2,000 ಜನರನ್ನು ಕೇಳಿದರೆ? ಅದೇ ಜಾಗ, ಅದೇ ಹೊತ್ತು, ಅದೇ ಬಗೆಯ ಜನ. ಆಗಲೂ 82%ರ ಆಸುಪಾಸೇ ಬರುತ್ತದೆ. ಈ ಪಾಠವನ್ನು ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 1936ರಲ್ಲಿ ಕಲಿಯಿತು. ಅಧ್ಯಕ್ಷರ ಚುನಾವಣೆಗೆ ಮೊದಲು ಅದು ಸುಮಾರು 1 ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಾಲದಲ್ಲಿ ಅವು ಉಳ್ಳವರ ಪಟ್ಟಿಗಳು. ಜೊತೆಗೆ ಪತ್ರ ತಲುಪಿದವರಲ್ಲಿ ಬಹುಪಾಲು ಜನ ಉತ್ತರಿಸಲೇ ಇಲ್ಲ. ನಮ್ಮ ಚಿತ್ರದಲ್ಲೂ ಎಷ್ಟು ಜನ ‘ಬಸ್ಸಿಗೆ ಹೊತ್ತಾಯಿತು’ ಎಂದು ಮುಂದೆ ಹೋದರು ಎಂಬ ಲೆಕ್ಕವಿಲ್ಲ. ಇನ್ನು ಪ್ರಶ್ನೆಯ ಬಾಲದಲ್ಲಿರುವ ‘ಅಲ್ಲವೇ’ ಎಂಬ ಪದ ಉತ್ತರವನ್ನು ಮೊದಲೇ ಬಾಯಿಗಿಡುತ್ತದೆ. ‘ಕಳೆದ 7 ದಿನಗಳಲ್ಲಿ ಎಷ್ಟು ದಿನ ನಲ್ಲಿಯಲ್ಲಿ ನೀರು ಬಂತು?’ ಎಂದು ಕೇಳಿದ್ದರೆ ಜನ ನೆನಪು ಮಾಡಿಕೊಂಡು ಹೇಳುತ್ತಿದ್ದರು.

ಈಗ ಇದೇ ಸಮೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆಂದು ನೋಡೋಣ. ಕೈಯಲ್ಲಿರುವ ಹಣ, ಸಮಯ ಸುಮಾರು 240 ಮನೆಗಳಿಗೆ ಸಾಕು.

ಮೊದಲ ದಾರಿ ಸ್ತರ ಮಾದರಿ. ಊರಿನ ಮೂರು ಭಾಗಗಳಲ್ಲಿ ನೀರಿನ ಸ್ಥಿತಿ ಬೇರೆಬೇರೆ ಎಂದು ನಮಗೆ ಮೊದಲೇ ಅಂದಾಜಿದೆ. ಹಾಗಿರುವಾಗ ಯಾವ ಭಾಗದಿಂದ ಎಷ್ಟು ಮನೆ ಬರಬೇಕೆಂಬುದನ್ನು ಅದೃಷ್ಟಕ್ಕೆ ಬಿಡುವುದೇಕೆ? ಪ್ರತಿ ಭಾಗವನ್ನೂ ಒಂದು ಸ್ತರವೆಂದು ಹಿಡಿದು, ಅದರ ಪಾಲಿಗೆ ತಕ್ಕಂತೆ 160, 60 ಮತ್ತು 20 ಮನೆಗಳನ್ನು ಆಯಾ ಭಾಗದೊಳಗೆ ಚೀಟಿ ಎತ್ತಿ ಆರಿಸುತ್ತೇವೆ. ಗುಂಪು ಗುಂಪಿಗೆ ವ್ಯತ್ಯಾಸವಿದ್ದು, ಒಂದೊಂದು ಗುಂಪಿನೊಳಗೆ ಮನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿದ್ದರೆ ಈ ಕ್ರಮ ಚೆನ್ನಾಗಿ ಫಲ ಕೊಡುತ್ತದೆ.

ಆದರೆ ದಿಣ್ಣೆಯ 20 ಮನೆಗಳಿಂದ ದಿಣ್ಣೆಯ ಕಷ್ಟದ ಬಗ್ಗೆ ಗಟ್ಟಿಯಾಗಿ ಏನನ್ನೂ ಹೇಳಲಾಗದು. ಒಂದು ಮನೆಯ ಉತ್ತರ ಬದಲಾದರೆ ಶೇಕಡಾವಾರು 5 ಅಂಶ ಜಿಗಿಯುತ್ತದೆ. ಹಾಗಾಗಿ ಅಲ್ಲಿ 60, ಬಡಾವಣೆಯಲ್ಲಿ 60, ಹಳೇಪೇಟೆಯಲ್ಲಿ 120 ಮನೆ ತೆಗೆದುಕೊಳ್ಳಬಹುದು. ತಪ್ಪೇನಿಲ್ಲ, ಆದರೆ ಕೊನೆಯಲ್ಲಿ ಪ್ರತಿ ಭಾಗದ ಫಲಿತಾಂಶಕ್ಕೆ ಅದರ ನಿಜವಾದ ತೂಕ ಕೊಡಬೇಕು. ಅದನ್ನು ಮರೆತು 240ನ್ನೂ ಒಟ್ಟಿಗೆ ಸುರಿದರೆ 108, 30 ಮತ್ತು 6 ಸೇರಿ 144 ‘ಹೌದು’, ಅಂದರೆ 60% ಬರುತ್ತದೆ. ಬಸ್ ನಿಲ್ದಾಣದ ತಕ್ಕಡಿ ಒಂದು ಕಡೆಗೆ ವಾಲಿದರೆ ಇದು ಇನ್ನೊಂದು ಕಡೆಗೆ ವಾಲುತ್ತದೆ. 4,000, 1,500, 500 ಎಂಬ ತೂಕ ಹಾಕಿದಾಗ ಮತ್ತೆ 73% ಸಿಗುತ್ತದೆ.

ಸ್ತರ ಮಾದರಿಗೆ ಪ್ರತಿ ಭಾಗದ ಮನೆಗಳ ಪೂರ್ಣ ಪಟ್ಟಿ ಬೇಕು, ಊರೆಲ್ಲ ಅಲೆಯಬೇಕು. ಅದು ಕಷ್ಟವಾದಾಗ ಎರಡನೆಯ ದಾರಿ ಗುಚ್ಛ ಮಾದರಿ, ಅಂದರೆ ಕ್ಲಸ್ಟರ್ ಸ್ಯಾಂಪ್ಲಿಂಗ್. ಊರಿನಲ್ಲಿ ತಲಾ 25 ಮನೆಗಳ 240 ಬೀದಿಗಳಿವೆ ಎನ್ನೋಣ. ಚೀಟಿ ಎತ್ತಿ 10 ಬೀದಿಗಳನ್ನು ಆರಿಸಿ, ಆ ಬೀದಿಗಳ ಎಲ್ಲ 250 ಮನೆಗಳ ಬಾಗಿಲು ತಟ್ಟಿದರೆ ಆಯಿತು. ಓಡಾಟ ಉಳಿಯುತ್ತದೆ, ಇಡೀ ಊರಿನ ಮನೆಗಳ ಪಟ್ಟಿಯೂ ಬೇಕಿಲ್ಲ.

ತೊಡಕು ಇರುವುದು ನೀರಿನ ಸ್ವಭಾವದಲ್ಲೇ. ವಾಟರ್‌ಮ್ಯಾನ್ ಒಂದು ವಾಲ್ವ್ ತಿರುಗಿಸಿದರೆ ಬೀದಿಗೆ ಬೀದಿಯೇ ನೀರು, ಮರೆತರೆ ಬೀದಿಗೆ ಬೀದಿಯೇ ಒಣ. ಒಂದು ಪಾತ್ರೆಯಿಂದ 25 ಅಗುಳು ಹಿಚುಕಿ ನೋಡಿದರೂ ತಿಳಿಯುವುದು ಆ ಒಂದು ಪಾತ್ರೆಯ ಅನ್ನದ ಸಂಗತಿಯೇ. ಇದಕ್ಕೊಂದು ಲೆಕ್ಕವಿದೆ. ಒಂದು ಗುಚ್ಛದಲ್ಲಿ ಕೇಳಿದ ಮನೆಗಳ ಸಂಖ್ಯೆ m, ಅವುಗಳೊಳಗಿನ ಸಾಮ್ಯ ρ ಆದರೆ, ಮಾದರಿಯ ಬೆಲೆ ಈ ಪಟ್ಟು ಕುಗ್ಗುತ್ತದೆ:

```
1 + (m - 1) × ρ
```

ಸಾಮ್ಯವನ್ನು 0.25 ಎಂದು ಹಿಡಿದರೆ, 25 ಮನೆಗೆ ಇದು 7 ಆಗುತ್ತದೆ. ನಾವು ಕೇಳಿದ್ದು 250 ಮನೆ, ಸಿಕ್ಕ ಮಾಹಿತಿಯ ಬೆಲೆ ಬಿಡಿಬಿಡಿಯಾಗಿ ಆರಿಸಿದ ಸುಮಾರು 36 ಮನೆಗಳಷ್ಟು. ಅದೇ 250 ಮನೆಗಳನ್ನು 50 ಬೀದಿಗಳಿಂದ ತಲಾ 5ರಂತೆ ತೆಗೆದರೆ ಪಟ್ಟು 2ಕ್ಕೆ ಇಳಿದು, ಬೆಲೆ 125 ಮನೆಗಳಿಗೆ ಏರುತ್ತದೆ. ಹಾಗಾಗಿ ಗುಚ್ಛದ ದಾರಿ ಹಿಡಿಯುವವರು ಹೆಚ್ಚು ಬೀದಿ, ಬೀದಿಗೆ ಕಡಿಮೆ ಮನೆ ಎಂದು ಯೋಚಿಸಬೇಕು. ಪ್ರತಿ ಬೀದಿಯೂ ಇಡೀ ಊರಿನ ಪುಟ್ಟ ರೂಪದಂತೆ ಬೆರೆತಿದ್ದರೆ ಮಾತ್ರ ಕೆಲವೇ ಬೀದಿಗಳು ಸಾಕಾಗುತ್ತವೆ.

ಮೂರನೆಯದು ಕ್ರಮಬದ್ಧ ಮಾದರಿ. ಮನೆಗಳ ಪಟ್ಟಿ ಕೈಯಲ್ಲಿದ್ದರೆ ಇದಕ್ಕಿಂತ ಸರಳವಾದದ್ದಿಲ್ಲ. 6,000ವನ್ನು 240ರಿಂದ ಭಾಗಿಸಿದರೆ 25. 1ರಿಂದ 25ರೊಳಗೆ ಒಂದು ಅಂಕಿಯನ್ನು ಚೀಟಿ ಎತ್ತಿ ತೆಗೆಯಿರಿ. 7 ಬಂದರೆ 7, 32, 57 ಎಂದು 25ರ ಹೆಜ್ಜೆಯಲ್ಲಿ ಸಾಗಿ. ಮಾದರಿ ಊರಿನ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ.

ಆದರೆ ನಮ್ಮ ಊರಿನಲ್ಲಿ ಇದೇ ಹೆಜ್ಜೆ ಅಪಾಯದ್ದು. ಬೀದಿಗೆ 25 ಮನೆ, ಹೆಜ್ಜೆಯೂ 25. ಪಟ್ಟಿಯನ್ನು ವಾಲ್ವಿನ ಬುಡದಿಂದ ಬೀದಿಯ ಕೊನೆಯವರೆಗೆ ಬರೆದಿದ್ದರೆ, ಚೀಟಿಯಲ್ಲಿ 1 ಬಂದಾಗ ಎಲ್ಲ 240 ಬೀದಿಗಳಲ್ಲೂ ವಾಲ್ವಿನ ಪಕ್ಕದ ಮೊದಲ ಮನೆಯೇ ಸಿಗುತ್ತದೆ. ನೀರು ರಭಸದಿಂದ ಬರುವುದೇ ಅಲ್ಲಿ. 25 ಬಂದರೆ ಪೈಪಿನ ತುದಿಯ ಮನೆಗಳಷ್ಟೇ ಸಿಗುತ್ತವೆ, ಹನಿ ತೊಟ್ಟಿಕ್ಕುವಂಥವು. ಪಟ್ಟಿಯೊಳಗೆ ಅಡಗಿದ ಇಂಥ ಲಯ ನಮ್ಮ ಹೆಜ್ಜೆಗೆ ತಾಳೆಯಾದರೆ ಕ್ರಮಬದ್ಧ ಮಾದರಿ ಕೈಕೊಡುತ್ತದೆ. ಕಂಡುಹಿಡಿಯುವುದು ಸುಲಭ: ಆಯ್ಕೆಯಾದ ಮೊದಲ ಹತ್ತು ಮನೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ. ಎಲ್ಲವೂ ಮೂಲೆಮನೆಗಳಾಗಿದ್ದರೆ ಹೆಜ್ಜೆಯನ್ನು 23 ಮಾಡಿ, ಇಲ್ಲವೇ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಜೋಡಿಸಿ.

ಈ ಊರಿಗೆ ನನ್ನ ಆಯ್ಕೆ ಯಾವುದು ಎಂದರೆ, ಮೂರನ್ನೂ ಒಂದರೊಳಗೊಂದು ಇಡುವುದು. ದೊಡ್ಡ ಸಮೀಕ್ಷೆಗಳು ಮಾಡುವುದೂ ಹಾಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲು ಜನವಸತಿಯನ್ನು ಸ್ತರಗಳಾಗಿ ವಿಂಗಡಿಸಿತು. ಪ್ರತಿ ಸ್ತರದೊಳಗೆ ಹಳ್ಳಿಗಳನ್ನೂ ನಗರದ ಗಣತಿ ಬ್ಲಾಕುಗಳನ್ನೂ ಗುಚ್ಛಗಳಾಗಿ ಆರಿಸಿತು. ಆರಿಸಿದ ಜಾಗದಲ್ಲಿ ಮನೆಗಳ ಹೊಸ ಪಟ್ಟಿ ಬರೆದು, ಅದರಿಂದ ಕ್ರಮಬದ್ಧವಾಗಿ 22 ಮನೆಗಳನ್ನು ತೆಗೆಯಿತು. ಕರ್ನಾಟಕದ ಹಳ್ಳಿಗಳಲ್ಲಿ ಬಾಗಿಲು ತಟ್ಟಿದ್ದೂ ಹೀಗೆಯೇ. ಹಳೆಯ ಪಟ್ಟಿಯನ್ನು ನಂಬದೆ ಹೊಸದಾಗಿ ಬರೆದದ್ದನ್ನು ಗಮನಿಸಬೇಕು. ಗಣತಿಯಾದ ಮೇಲೆ ಎದ್ದ ಗುಡಿಸಲು ಹಳೆಯ ಪಟ್ಟಿಯಲ್ಲಿ ಇರುವುದಿಲ್ಲ.

ಚಿತ್ರದಲ್ಲಿ ಯಾವ ವಿಧಾನ ಬಳಸಿದ್ದಾರೆಂದು ಗುರುತಿಸಲು ಒಂದೇ ಪ್ರಶ್ನೆ ಸಾಕು. ಎಲ್ಲ ಗುಂಪುಗಳಿಂದಲೂ ಕೆಲವರನ್ನು ತೆಗೆದಿದ್ದರೆ ಸ್ತರ, ಕೆಲವೇ ಗುಂಪುಗಳನ್ನು ಆರಿಸಿ ಅವುಗಳೊಳಗೆ ಮಾತ್ರ ಕೇಳಿದ್ದರೆ ಗುಚ್ಛ, ಎಣಿಸಿ ಎಣಿಸಿ ತೆಗೆದಿದ್ದರೆ ಕ್ರಮಬದ್ಧ. ವಿಧಾನದ ಹೆಸರು ಸರಿಯಿದ್ದ ಮಾತ್ರಕ್ಕೆ ಅಂಕಿ ಸರಿಯಾಗುವುದಿಲ್ಲ. ನಮ್ಮ ಯುವಕ ತಪ್ಪದೆ ಐದೈದು ಎಣಿಸಿದ. ದಿಣ್ಣೆಯ ತಾಯಂದಿರು ಮಾತ್ರ ಅವನ ಎಣಿಕೆಯ ದಾರಿಯಲ್ಲಿ ನಡೆದುಬರಲಿಲ್ಲ. ಆ ಹೊತ್ತಿಗೆ ಅವರು ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರಿನ ಹಾರ್ನಿಗೆ ಕಿವಿಗೊಟ್ಟಿದ್ದರು. ಸಮೀಕ್ಷೆ ಶುರುವಾಗಬೇಕಿದ್ದದ್ದು ಆ ಸಾಲಿನ ಮನೆಗಳೂ ಇರುವ ಒಂದು ಪಟ್ಟಿಯಿಂದ.