ಜರ್ಮನಿಯ ತೆರಿಗೆ ಕಚೇರಿಯ ಪತ್ರ: ಓದುವ ಕ್ರಮ, ಗಡುವಿನ ಲೆಕ್ಕ, ಉತ್ತರಿಸುವ ಬಗೆ

ಜರ್ಮನಿಯ ಗೋದಾಮಿನಲ್ಲಿ ಸರಕನ್ನು ದಾಸ್ತಾನಿಟ್ಟು ಅಲ್ಲಿಂದಲೇ ಅಲ್ಲಿನ ಗಿರಾಕಿಗಳಿಗೆ ಮಾರಾಟ ಮಾಡುವ ಉದ್ದಿಮೆಯು, ಅದರ ಕಾರ್ಖಾನೆ ಕರ್ನಾಟಕದಲ್ಲಿದ್ದರೂ, ಆ ದೇಶದ ಮಾರಾಟ ತೆರಿಗೆ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ನೋಂದಣಿಯಾದ ಬಳಿಕ 'ಫಿನಾಂಟ್ಸ್‌ಆಮ್ಟ್' ಎಂದು ಕರೆಯಲಾಗುವ ತೆರಿಗೆ ಕಚೇರಿಯಿಂದ ಜರ್ಮನ್ ಭಾಷೆಯಲ್ಲಿ ಪತ್ರಗಳು ಬರತೊಡಗುತ್ತವೆ. ಈ ಪತ್ರಗಳನ್ನು ಪದಶಃ ಭಾಷಾಂತರ ಮಾಡಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪತ್ರದಲ್ಲಿ ನಮೂದಾಗದೆ ಕಾನೂನಿನ ಬಲದಿಂದಲೇ ಓಡತೊಡಗುವ ಗಡುವೊಂದು ಇರುವುದುಂಟು. ಅದನ್ನು ಗುರುತಿಸುವ ಕ್ರಮವನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಪತ್ರದ ಜಾತಿಯನ್ನು ಗುರುತಿಸುವುದು

ಪತ್ರ ಕೈಸೇರಿದೊಡನೆ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ಶೀರ್ಷಿಕೆಯನ್ನು. 'ಎರಿನ್ನರುಂಗ್' ಎಂದಿದ್ದರೆ ಅದು ಜ್ಞಾಪನಾ ಪತ್ರ. ಸಲ್ಲಿಸಬೇಕಾಗಿದ್ದ ತಃಖ್ತೆ ಇನ್ನೂ ಬಂದಿಲ್ಲವೆಂದು ಅದರ ಅರ್ಥ. 'ಆನ್‌ಹ್ಯೋರುಂಗ್' ಎಂದಿದ್ದರೆ, ಕಚೇರಿಯು ನಿಮಗೆ ಪ್ರತಿಕೂಲವಾದ ಆದೇಶವನ್ನು ಹೊರಡಿಸುವ ಮುನ್ನ ನಿಮ್ಮ ಹೇಳಿಕೆಯನ್ನು ಕೇಳುತ್ತಿದೆ. 'ಬೆಶೈಡ್' ಎಂಬ ಪದವಿದ್ದರೆ ಅದು ಆದೇಶ. ನಿರ್ಧಾರ ಆಗಿಹೋಗಿದೆ ಎಂದು ತಿಳಿಯತಕ್ಕದ್ದು.

ಈ ವ್ಯತ್ಯಾಸದಿಂದಲೇ ಗಡುವಿನ ಸ್ವರೂಪವೂ ನಿರ್ಧಾರವಾಗುತ್ತದೆ. ಮೊದಲ ಎರಡು ಬಗೆಯ ಪತ್ರಗಳಲ್ಲಿ ಬರುವ ದಿನಾಂಕವನ್ನು ಸಾಮಾನ್ಯವಾಗಿ ಅಧಿಕಾರಿ ನಿಗದಿಪಡಿಸಿರುತ್ತಾನೆ. ಕಾರಣವನ್ನು ತೋರಿಸಿ, ಆ ದಿನಾಂಕ ಕಳೆಯುವ ಮೊದಲೇ 'ಫ್ರಿಸ್ಟ್‌ಫೆರ್‌ಲೆಂಗರುಂಗ್', ಅಂದರೆ ಅವಧಿ ವಿಸ್ತರಣೆ, ಕೋರಿದರೆ ಅದನ್ನು ನೀಡುವ ಅಧಿಕಾರ ಅವನಿಗಿದೆ. ಆದೇಶದ ವಿರುದ್ಧ ಆಕ್ಷೇಪಣೆ ಸಲ್ಲಿಸುವ ಗಡುವಾದರೋ ಶಾಸನದಿಂದ ಬಂದದ್ದು. ಅದು ಒಂದು ತಿಂಗಳು. ಅಧಿಕಾರಿ ಎಷ್ಟೇ ಸಹಾನುಭೂತಿಯುಳ್ಳವನಾದರೂ ಅದನ್ನು ಒಂದು ದಿನವೂ ವಿಸ್ತರಿಸಲಾರ.

ಆದೇಶದ ಕೊನೆಯ ಭಾಗದಲ್ಲಿ 'ರೆಶ್ಟ್ಸ್‌ಬೆಹೆಲ್ಫ್ಸ್‌ಬೆಲೇರುಂಗ್' ಎಂಬ ಉದ್ದನೆಯ ತಲೆಬರಹದಡಿ ಒಂದು ಕಂಡಿಕೆ ಇರುತ್ತದೆ. ಯಾವ ಪರಿಹಾರ ಮಾರ್ಗವಿದೆ, ಎಷ್ಟು ಕಾಲದೊಳಗೆ, ಯಾವ ಕಚೇರಿಗೆ ಸಲ್ಲಿಸಬೇಕು ಎಂಬುದನ್ನು ಅದು ತಿಳಿಸುತ್ತದೆ. ಬೇರೇನನ್ನು ಬಿಟ್ಟರೂ ಈ ಕಂಡಿಕೆಯನ್ನು ತಪ್ಪದೆ ಓದಿಸಿಕೊಳ್ಳಬೇಕು. ತೆರಿಗೆ ಆದೇಶದಲ್ಲಿ ಈ ಕಂಡಿಕೆ ಇಲ್ಲದಿದ್ದರೆ ಅಥವಾ ತಪ್ಪಾಗಿದ್ದರೆ ಆಕ್ಷೇಪಣೆಗೆ ಒಂದು ವರ್ಷದ ಕಾಲಾವಕಾಶ ದೊರೆಯುತ್ತದೆ.

ತಿಂಗಳು ಯಾವ ದಿನದಿಂದ?

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ತಿಂಗಳನ್ನು ಪತ್ರದ ಮೇಲಿನ ದಿನಾಂಕದಿಂದಲೂ ಎಣಿಸುವುದಿಲ್ಲ, ನಮ್ಮ ಗುಮಾಸ್ತರು ಆವಕ ಮೊಹರು ಹಾಕಿದ ದಿನದಿಂದಲೂ ಎಣಿಸುವುದಿಲ್ಲ. ಸಾಮಾನ್ಯ ಅಂಚೆಯಲ್ಲಿ ಕಳುಹಿಸಿದ ಆದೇಶವು ಇಂಥ ದಿನ ತಲುಪಿತೆಂದು ಕಾನೂನೇ ಭಾವಿಸಿಕೊಳ್ಳುತ್ತದೆ. ತಿಂಗಳು ಆರಂಭವಾಗುವುದು ಆ ದಿನದಿಂದ.

ಜರ್ಮನಿಯೊಳಗಿನ ವಿಳಾಸಕ್ಕೆ ಹೋಗುವ ಪತ್ರವು ಅಂಚೆಗೆ ಹಾಕಿದ ನಾಲ್ಕನೆಯ ದಿನ ತಲುಪಿತೆಂದು ಭಾವಿಸಲಾಗುತ್ತದೆ. 2024ರ ಕೊನೆಯವರೆಗೆ ಇದು ಮೂರು ದಿನವಾಗಿತ್ತು. 2025ರ ಜನವರಿ 1ರಿಂದ ನಾಲ್ಕು ದಿನವಾಗಿದೆ. ಹಳೆಯ ಕೈಪಿಡಿಗಳನ್ನು ಇಟ್ಟುಕೊಂಡಿರುವವರು ಇದನ್ನು ತಿದ್ದಿಕೊಳ್ಳಬೇಕು. ತೆರಿಗೆ ಆದೇಶವನ್ನು ವಿದೇಶದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದಲ್ಲಿ, ಅಂಚೆಗೆ ಹಾಕಿದ ಒಂದು ತಿಂಗಳ ನಂತರ ತಲುಪಿತೆಂದು ಭಾವಿಸಲಾಗುತ್ತದೆ. ಹೀಗೆ ಬರುವ ದಿನವಾಗಲಿ, ಗಡುವಿನ ಕೊನೆಯ ದಿನವಾಗಲಿ ಶನಿವಾರ, ಭಾನುವಾರ ಅಥವಾ ರಜಾದಿನವಾದರೆ ಮುಂದಿನ ಕೆಲಸದ ದಿನಕ್ಕೆ ಸರಿಯುತ್ತದೆ. ಪತ್ರ ನಿಜವಾಗಿ ಇನ್ನೂ ತಡವಾಗಿ ಬಂದಿದ್ದರೆ ಬಂದ ದಿನವೇ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿ ಅಂಚೆ ಮುದ್ರೆಯಿರುವ ಲಕೋಟೆಯನ್ನು ಎಸೆಯದೆ ಪತ್ರಕ್ಕೆ ಲಗತ್ತಿಸಿಡುವುದು ಒಳ್ಳೆಯದು.

ಒಂದು ಉದಾಹರಣೆ

ಪೀಣ್ಯದ ಯಂತ್ರಭಾಗ ತಯಾರಿಕಾ ಘಟಕವೊಂದು ಜರ್ಮನಿಯ ಗೋದಾಮಿನಿಂದ ಅಲ್ಲಿನ ಕಾರ್ಖಾನೆಗಳಿಗೆ ಸರಕು ಮಾರುತ್ತಿದೆಯೆಂದು ಇಟ್ಟುಕೊಳ್ಳೋಣ. ಮಾಸಿಕ ತಃಖ್ತೆಯನ್ನು ಮುಂದಿನ ತಿಂಗಳ 10ನೆಯ ತಾರೀಖಿನೊಳಗೆ ಸಲ್ಲಿಸಬೇಕು. 2026ರ ಜನವರಿಯ ತಃಖ್ತೆಯು ಫೆಬ್ರವರಿ 10ರೊಳಗೆ ಸಲ್ಲಿಕೆಯಾಗಲಿಲ್ಲ. ಕಚೇರಿಯು ಮಾರ್ಚ್ 10ರಂದು ಆದೇಶವೊಂದನ್ನು ಅಂಚೆಗೆ ಹಾಕಿತು. ಅದರಲ್ಲಿ 4,000 ಯೂರೋ ತೆರಿಗೆಯನ್ನು ಮಾರ್ಚ್ 20ರೊಳಗೆ ಪಾವತಿಸುವಂತೆ ಹೇಳಿದೆ. ವಿವರಣೆಯ ಭಾಗದಲ್ಲಿ 'ಗೆಶೆಟ್ಸ್ಟ್' ಎಂಬ ಪದವಿದೆ. ಲೆಕ್ಕ ಸಿಗದ ಕಾರಣ ಕಚೇರಿಯೇ ಅಂದಾಜಿನ ಮೇಲೆ ತೆರಿಗೆ ವಿಧಿಸಿದೆ ಎಂದು ಅದರ ಅರ್ಥ.

ಪತ್ರವು ಘಟಕದ ಪರವಾಗಿ ಜರ್ಮನಿಯಲ್ಲಿ ಪತ್ರ ಸ್ವೀಕರಿಸುವ ಪ್ರತಿನಿಧಿಗೆ ಹೋಗಿದ್ದರೆ, ನಾಲ್ಕನೆಯ ದಿನವಾದ ಮಾರ್ಚ್ 14 ಶನಿವಾರ. ಆದ್ದರಿಂದ ಅದು ಸೋಮವಾರ, ಮಾರ್ಚ್ 16ರಂದು ತಲುಪಿತೆಂದು ಲೆಕ್ಕ. ಆಕ್ಷೇಪಣೆಯ ಗಡುವು ಏಪ್ರಿಲ್ 16. ಅದೇ ಪತ್ರ ನೇರವಾಗಿ ಬೆಂಗಳೂರಿಗೆ ಬಂದಿದ್ದರೆ, ಏಪ್ರಿಲ್ 10ರಂದು ತಲುಪಿತೆಂದು ಲೆಕ್ಕ. ತಿಂಗಳು ಮುಗಿಯುವ ಮೇ 10 ಭಾನುವಾರವಾದ್ದರಿಂದ ಗಡುವು ಮೇ 11. ಒಂದೇ ಆದೇಶಕ್ಕೆ ವಿಳಾಸ ಮಾತ್ರದಿಂದ ಇಷ್ಟು ವ್ಯತ್ಯಾಸ. ಪ್ರತಿನಿಧಿಯನ್ನು ನೇಮಿಸಿರುವವರು ಅವನು ಪತ್ರವನ್ನು ಬೆಂಗಳೂರಿಗೆ ರವಾನಿಸಲು ತೆಗೆದುಕೊಳ್ಳುವ ದಿನಗಳು ತಮ್ಮ ಗಡುವಿನಿಂದಲೇ ಕಳೆಯುತ್ತವೆ ಎಂಬುದನ್ನು ಮರೆಯಬಾರದು.

ಈಗ ನಿಜವಾದ ಲೆಕ್ಕವನ್ನು ನೋಡೋಣ. ಜನವರಿಯ ಮಾರಾಟ 12,000 ಯೂರೋ. ಶೇಕಡಾ 19ರಂತೆ ತೆರಿಗೆ 2,280 ಯೂರೋ. ಸರಕನ್ನು ಆಮದು ಮಾಡುವಾಗ ಸುಂಕದ ಕಚೇರಿಗೆ ಕಟ್ಟಿದ ಆಮದು ಮಾರಾಟ ತೆರಿಗೆ 1,330 ಯೂರೋ. ಸುಂಕದ ದಾಖಲೆ ಇದ್ದರೆ ಇದನ್ನು ಕಳೆಯಬಹುದು. ಉಳಿಯುವ ಬಾಕಿ 950 ಯೂರೋ. ಕಚೇರಿಯ ಅಂದಾಜಿಗಿಂತ ಇದು 3,050 ಯೂರೋ ಕಡಿಮೆ.

ಎರಡು ಪ್ರತ್ಯೇಕ ಕೋರಿಕೆಗಳು

ಘಟಕವು ಮೊದಲು ಬಾಕಿಯಿರುವ ತಃಖ್ತೆಯನ್ನು ಸಲ್ಲಿಸಬೇಕು. ಅಂದಾಜು ಆದೇಶ ಬಂದ ಮೇಲೂ ತಃಖ್ತೆ ಸಲ್ಲಿಸುವ ಹೊಣೆ ತಪ್ಪುವುದಿಲ್ಲ. ಬಳಿಕ 'ಐನ್‌ಶ್ಪ್ರುಖ್', ಅಂದರೆ ಆಕ್ಷೇಪಣೆ, ಸಲ್ಲಿಸಬೇಕು. ಅದಕ್ಕೆ ದೀರ್ಘ ವಾದ ಬೇಕಿಲ್ಲ. ತೆರಿಗೆ ಸಂಖ್ಯೆ, ಆದೇಶದ ಹೆಸರು, ಅವಧಿ, ದಿನಾಂಕಗಳನ್ನು ಬರೆದು, 'ಹೀರ್‌ಮಿಟ್ ಲೇಗೆ ಇಶ್ ಐನ್‌ಶ್ಪ್ರುಖ್ ಐನ್' ಎಂದರೆ ಸಾಕು. 'ಈ ಮೂಲಕ ಆಕ್ಷೇಪಣೆ ಸಲ್ಲಿಸುತ್ತೇನೆ' ಎಂದು ಇದರ ಅರ್ಥ. ಕಾರಣಗಳನ್ನು ಆಮೇಲೆ ಸಲ್ಲಿಸುವುದಾಗಿ ತಿಳಿಸಬಹುದು. ಅದೇ ಹಾಳೆಯಲ್ಲಿ ವಿಳಂಬ ದಂಡವನ್ನೂ ವಿಧಿಸಿದ್ದರೆ ಅದು ಬೇರೆಯೇ ಆದೇಶವಾಗುತ್ತದೆ. ಅದನ್ನು ಪ್ರಶ್ನಿಸುವುದಾದರೆ ಹೆಸರಿಸಿಯೇ ಬರೆಯಬೇಕು.

ಆದರೆ ಆಕ್ಷೇಪಣೆಯಿಂದ ವಸೂಲಿ ನಿಲ್ಲುವುದಿಲ್ಲ. ಇದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಹಣ ಕಟ್ಟುವುದನ್ನು ತಡೆಹಿಡಿಯಲು 'ಔಸ್‌ಜೆಟ್ಸುಂಗ್ ಡೇರ್ ಫೋಲ್‌ಟ್ಸೀಉಂಗ್' ಎಂಬ ಎರಡನೆಯ ಕೋರಿಕೆಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ವಿವಾದವಿರುವ 3,050 ಯೂರೋಗೆ ಮಾತ್ರ ಇದನ್ನು ಕೋರಿ, ಒಪ್ಪಿಕೊಂಡ 950 ಯೂರೋವನ್ನು ಮಾರ್ಚ್ 20ರೊಳಗೆ ಕಟ್ಟುವುದು ಸರಿಯಾದ ಕ್ರಮ.

ಹೀಗೆ ಮಾಡದೆ ಸುಮ್ಮನೆ ಕಾದರೆ ಏನಾಗುತ್ತದೆ? ಬಾಕಿ ಮೊತ್ತವನ್ನು 50 ಯೂರೋದ ಗುಣಕಕ್ಕೆ ಇಳಿಸಿ, ಆರಂಭವಾದ ಪ್ರತಿ ತಿಂಗಳಿಗೂ ಶೇಕಡಾ 1ರಂತೆ ಪಾವತಿ ವಿಳಂಬದ ಹೆಚ್ಚುವರಿ ಶುಲ್ಕ ಬೀಳುತ್ತದೆ. ಜೂನ್ 5ರಂದು ಕಚೇರಿಯು ಆದೇಶವನ್ನು 950 ಯೂರೋಗೆ ತಿದ್ದಿತೆನ್ನಿ. ಅಷ್ಟರಲ್ಲಿ ಮೂರನೆಯ ತಿಂಗಳು ಆರಂಭವಾಗಿರುತ್ತದೆ. ಶುಲ್ಕ 120 ಯೂರೋ. ತೆರಿಗೆ ಇಳಿದರೂ ಅದುವರೆಗೆ ಬಿದ್ದ ಶುಲ್ಕ ಕಾನೂನಿನಂತೆ ಹಾಗೆಯೇ ಉಳಿಯುತ್ತದೆ. ಇಲ್ಲದ ಬಾಕಿಯ ಮೇಲೆ ತೆತ್ತ ದಂಡವೆಂದೇ ಇದನ್ನು ಹೇಳಬೇಕು.

ಗಡುವು ತಪ್ಪಿದಾಗ

ಆದೇಶದ ಶೀರ್ಷಿಕೆಯ ಬಳಿ 'ಫೋರ್‌ಬೆಹಾಲ್ಟ್ ಡೇರ್ ನಾಖ್‌ಪ್ರ್ಯೂಫುಂಗ್' ಎಂಬ ಮಾತಿದೆಯೇ ಎಂದು ನೋಡಬೇಕು. ಮರುಪರಿಶೀಲನೆಗೆ ಒಳಪಟ್ಟ ಆದೇಶವೆಂದು ಇದರ ಅರ್ಥ. ಮಾಸಿಕ ಮುಂಗಡ ತೆರಿಗೆಯ ಆದೇಶಗಳು ಯಾವಾಗಲೂ ಈ ಬಗೆಯವು. ಇಂಥ ಆದೇಶದ ತಿಂಗಳು ಕಳೆದುಹೋದರೂ ತಃಖ್ತೆಯನ್ನು ಸಲ್ಲಿಸಿ ತಿದ್ದುಪಡಿ ಕೋರಲು ಅವಕಾಶವಿದೆ. ಆದರೆ ವಸೂಲಿಯನ್ನು ತಡೆಹಿಡಿಸಲು ಆಕ್ಷೇಪಣೆಯೇ ಬೇಕಾಗುತ್ತದೆ. ವಾರ್ಷಿಕ ತೆರಿಗೆಯ ಅಂದಾಜು ಆದೇಶದಲ್ಲಿ ಈ ಮಾತು ಇಲ್ಲದಿದ್ದರೆ, ತಿಂಗಳು ಕಳೆದೊಡನೆ ತಪ್ಪು ಮೊತ್ತವೂ ಅಂತಿಮವಾಗುವ ಅಪಾಯವಿದೆ. ತಮ್ಮ ದೋಷವಿಲ್ಲದೆ ಗಡುವು ತಪ್ಪಿದವರು ಅಡ್ಡಿ ನಿವಾರಣೆಯಾದ ಒಂದು ತಿಂಗಳೊಳಗೆ ಪೂರ್ವಸ್ಥಿತಿಯನ್ನು ಕೋರಬಹುದು. ಜರ್ಮನ್ ಭಾಷೆ ಅರ್ಥವಾಗಲಿಲ್ಲ ಎಂಬ ಕಾರಣವೊಂದನ್ನೇ ನೆಚ್ಚಿಕೊಳ್ಳುವುದು ತರವಲ್ಲ.

ಉತ್ತರ ಕಳುಹಿಸುವ ಮಾರ್ಗ

ಆಕ್ಷೇಪಣೆಯು ಗಡುವಿನೊಳಗೆ ಕಚೇರಿಯನ್ನು ತಲುಪಿರಬೇಕು; ಬೆಂಗಳೂರಿನಲ್ಲಿ ರಿಜಿಸ್ಟರ್ಡ್ ಅಂಚೆಗೆ ಹಾಕಿದ ರಸೀದಿಗೆ ಬೆಲೆಯಿಲ್ಲ. ಆದ್ದರಿಂದ ತೆರಿಗೆ ಇಲಾಖೆಯ ಎಲ್ಸ್ಟರ್ ಜಾಲತಾಣದ ಮೂಲಕ ಸಲ್ಲಿಸಿ ಅದರ ಸ್ವೀಕೃತಿಯನ್ನು ಮುದ್ರಿಸಿಟ್ಟುಕೊಳ್ಳುವುದು ಭದ್ರ. ಬರಹ ಜರ್ಮನ್ ಭಾಷೆಯಲ್ಲಿರಲಿ. ಇಂಗ್ಲಿಷಿನಲ್ಲಿ ಬರೆದರೆ ಕಚೇರಿಯು ಭಾಷಾಂತರವನ್ನು ಕೇಳಬಹುದು. ಅದನ್ನು ಹೇಳಿದ ಅವಧಿಯಲ್ಲಿ ಒದಗಿಸದಿದ್ದರೆ ಗಡುವೇ ಕೈತಪ್ಪಬಹುದು.

ವಾಸ ಪರವಾನಗಿ ಕಚೇರಿಯ ಪತ್ರಗಳು

ಜರ್ಮನಿಯಲ್ಲಿ ತಮ್ಮ ಸಿಬ್ಬಂದಿಯನ್ನು ನಿಯೋಜಿಸಿರುವ ಸದಸ್ಯರಿಗೆ ವಿದೇಶೀಯರ ಕಚೇರಿಯ ಪತ್ರಗಳೂ ಎದುರಾಗುತ್ತವೆ. ಅಲ್ಲಿಯೂ ಜ್ಞಾಪನೆ, ಹೇಳಿಕೆಗೆ ಅವಕಾಶ, ಆದೇಶ ಎಂಬ ಕ್ರಮವೇ ಇದೆ. ದೇಶದೊಳಗಿನ ಅಂಚೆಗೆ ನಾಲ್ಕು ದಿನದ ನಿಯಮವೂ ಇದೆ. ಆದರೆ ಪರಿಹಾರ ಮಾರ್ಗ ಬೇರೆ. ಕೆಲವೆಡೆ 'ವೀಡರ್‌ಶ್ಪ್ರುಖ್' ಎಂಬ ಆಕ್ಷೇಪಣೆಯನ್ನು ಸಲ್ಲಿಸಬೇಕು. ಕೆಲವು ರಾಜ್ಯಗಳಲ್ಲಿ ನೇರವಾಗಿ ಆಡಳಿತ ನ್ಯಾಯಾಲಯಕ್ಕೆ 'ಕ್ಲಾಗೆ', ಅಂದರೆ ದಾವೆ, ಹೂಡಬೇಕು. ಎರಡಕ್ಕೂ ಸಾಮಾನ್ಯವಾಗಿ ತಿಂಗಳ ಗಡುವು. ಸಾಧಾರಣ ಇ-ಮೇಲ್‌ನಲ್ಲಿ ಕಳುಹಿಸಿದ ಆಕ್ಷೇಪಣೆ ಇಲ್ಲಿ ಊರ್ಜಿತವಾಗುವುದಿಲ್ಲ. ಸಹಿ ಮಾಡಿದ ಕಾಗದ ಬೇಕು. ಯಾವ ಮಾರ್ಗವೆಂಬುದು ಅದೇ ಕೊನೆಯ ಕಂಡಿಕೆಯಲ್ಲಿರುತ್ತದೆ.

ಪತ್ರ ಬಂದ ದಿನವೇ ಅದರ ಮೇಲ್ಭಾಗದಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಡುವ ಪದ್ಧತಿಯನ್ನು ಸದಸ್ಯರು ರೂಢಿಸಿಕೊಳ್ಳಬಹುದು: ಪತ್ರದ ಜಾತಿ, ತಲುಪಿತೆಂದು ಭಾವಿಸಲಾಗುವ ದಿನ, ಆಕ್ಷೇಪಣೆಯ ಕೊನೆಯ ದಿನ, ಪಾವತಿಯ ಕೊನೆಯ ದಿನ. ಕಡೆಯ ಎರಡು ದಿನಾಂಕಗಳು ಒಂದೇ ಆಗಿರಬೇಕೆಂದಿಲ್ಲ. ಪಾವತಿಯ ದಿನವೇ ಮೊದಲು ಬರುವುದುಂಟಾದ್ದರಿಂದ ತೆರಿಗೆ ಸಲಹೆಗಾರರನ್ನು ಅದಕ್ಕೆ ಮುಂಚೆಯೇ ಸಂಪರ್ಕಿಸತಕ್ಕದ್ದು.