ಹದಿನೈದು ಕಿಲೋಗ್ರಾಂ ಭಾರದಿಂದ ಮೇಲೇಳುವ ಕಾರು

ಸಿಲ್ಕ್ ಬೋರ್ಡಿನ ಬಳಿಯಿಂದ ಸುಮಾರು ಹತ್ತು ಕಿಲೋಮೀಟರು ಉದ್ದಕ್ಕೂ ಹೊಸೂರು ರಸ್ತೆಯ ಮೇಲೆ ಚಾಚಿಕೊಂಡಿರುವ ಮೇಲ್ಸೇತುವೆಯಿಂದಿಳಿದು ಎಲೆಕ್ಟ್ರಾನಿಕ್ ಸಿಟಿಯನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಗಾಜಿನ ಗೋಡೆಗಳ ಕಚೇರಿಗಳೇ ಆದರೂ, ಆ ಕಚೇರಿಗಳಿಗೆ ನಿತ್ಯವೂ ಬಂದುಹೋಗುವ ಸಹಸ್ರಾರು ಕಾರುಗಳ ಆರೈಕೆಗೆಂದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬೀದಿಗಳಲ್ಲಿ ಗ್ಯಾರೇಜುಗಳೂ ವಾಟರ್ ಸರ್ವಿಸಿನ ಅಂಗಳಗಳೂ ಬೆಳೆದು ನಿಂತಿವೆ. ಇಂಥ ಅಂಗಳಗಳಲ್ಲಿ ಬಳಕೆಯಲ್ಲಿರುವ ಒಂಟಿಕಂಬದ ಲಿಫ್ಟು ಬಹು ಸರಳವಾದ ಯಂತ್ರ. ನೆಲದೊಳಗೆ ಹೂತ ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಜಾರುವ ನುಣುಪಾದ ಉಕ್ಕಿನ ಕಂಬ, ಕಂಬದ ತುದಿಯಲ್ಲಿ ಕಾರನ್ನು ಹೊರುವ ಚೌಕಟ್ಟು, ಕಂಬದ ಬುಡದಲ್ಲಿ ಎಣ್ಣೆ. ಇಷ್ಟೇ ಅದರ ಶರೀರ. ಆ ಕಂಬವೇ ದೊಡ್ಡ ಪಿಸ್ಟನ್. ಇದನ್ನೆತ್ತಲು ಇನ್ನೊಂದು ಕೊಳವೆಯಲ್ಲಿರುವ ಸಣ್ಣ ಪಿಸ್ಟನ್ನಿನ ಮೇಲೆ ಎಷ್ಟು ಬಲವನ್ನು ಪ್ರಯೋಗಿಸಬೇಕೆಂಬ ಪ್ರಶ್ನೆ ಶಾಲೆಯ ಪಠ್ಯಪುಸ್ತಕಗಳಲ್ಲಿ ತಪ್ಪದೆ ಬರುವುದುಂಟು. ಅದನ್ನು ಈ ಗ್ಯಾರೇಜಿನ ಅಳತೆಗಳಿಂದಲೇ ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ರಾನ್ಸಿನ ಬ್ಲೇಸ್ ಪಾಸ್ಕಲನು ದ್ರವಗಳ ಸಮತೋಲವನ್ನು ಕುರಿತು ಬರೆದಿಟ್ಟು, ಅವನು ತೀರಿಕೊಂಡ ಮರುವರ್ಷ, ಎಂದರೆ 1663ರಲ್ಲಿ, ಪ್ರಕಟವಾದ ಗ್ರಂಥದಲ್ಲಿ ಈ ಯಂತ್ರದ ಬೀಜವಿದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಯಾವುದಾದರೊಂದು ಭಾಗದ ಮೇಲೆ ಒತ್ತಡವನ್ನು ಹೇರಿದರೆ ಅದು ಕುಗ್ಗದೆ ಎಲ್ಲ ದಿಕ್ಕುಗಳಿಗೂ ಹರಡುವುದರಿಂದ, ಒಂದು ಬಾಯಿ ಇನ್ನೊಂದರ ನೂರು ಪಟ್ಟು ವಿಶಾಲವಾಗಿದ್ದಲ್ಲಿ, ಸಣ್ಣ ಬಾಯಿಯನ್ನೊತ್ತುವ ಒಬ್ಬನು ದೊಡ್ಡ ಬಾಯಿಯನ್ನೊತ್ತುವ ನೂರು ಮಂದಿಗೆ ಸರಿಸಮನಾಗುವನೆಂದು ಅವನು ಕಂಡಿದ್ದನು. ಆದರೂ ಲಂಡನ್ನಿನ ಜೋಸೆಫ್ ಬ್ರಾಮಾ 1795ರಲ್ಲಿ ಇದೇ ತತ್ತ್ವದ ಪ್ರೆಸ್ಸಿಗೆ ಪೇಟೆಂಟ್ ಪಡೆಯುವ ವೇಳೆಗೆ ನೂರಮೂವತ್ತು ವರ್ಷಗಳು ಸಂದಿದ್ದವು.

ಈಗ ಲೆಕ್ಕಕ್ಕೆ ಬರೋಣ. ಕಾರಿನ ತೂಕ 1,200 ಕಿಲೋಗ್ರಾಂ, ಚೌಕಟ್ಟು ಮತ್ತು ಕಂಬಗಳ ತೂಕ 300 ಕಿಲೋಗ್ರಾಂ ಎಂದಿಟ್ಟುಕೊಂಡರೆ ಎಣ್ಣೆಯು ಹೊರಬೇಕಾದದ್ದು 1,500 ಕಿಲೋಗ್ರಾಂ ಭಾರ, ಅಂದರೆ 14,700 ನ್ಯೂಟನ್. ಕಾರಿನ ತೂಕವನ್ನಷ್ಟೇ ಹಿಡಿದು ಕಂಬದ ತೂಕವನ್ನು ಬಿಟ್ಟುಬಿಡುವುದು ಪಠ್ಯಪುಸ್ತಕಗಳ ವಾಡಿಕೆ. ಎಣ್ಣೆಗಾದರೋ ಆ ಭೇದವಿಲ್ಲ. ಕಂಬದ ವ್ಯಾಸ 25 ಸೆಂಟಿಮೀಟರು ಎಂದುಕೊಂಡರೆ ಅದರ ಬುಡದ ವಿಸ್ತೀರ್ಣ 491 ಚದರ ಸೆಂಟಿಮೀಟರು. ಭಾರವನ್ನು ವಿಸ್ತೀರ್ಣದಿಂದ ಭಾಗಿಸಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ನ್ಯೂಟನ್, ಅಂದರೆ ಮೂರು ಕಿಲೋಗ್ರಾಮಿಗೆ ತುಸು ಹೆಚ್ಚಾದ ಒತ್ತಡ ದೊರೆಯುತ್ತದೆ. ಸಣ್ಣ ಪಿಸ್ಟನ್ನಿನ ವ್ಯಾಸ ಎರಡೂವರೆ ಸೆಂಟಿಮೀಟರಾದರೆ, ವ್ಯಾಸವು ಹತ್ತನೆಯ ಒಂದು ಪಾಲಾದಾಗ ವಿಸ್ತೀರ್ಣವು ನೂರನೆಯ ಒಂದು ಪಾಲಿಗಿಳಿಯುವುದರಿಂದ, ಅದರ ಮೇಲೆ ಬೇಕಾದ ಬಲ 147 ನ್ಯೂಟನ್ ಮಾತ್ರ. ಹದಿನೈದು ಕಿಲೋಗ್ರಾಂ ಭಾರದ ಒಂದು ಕಲ್ಲನ್ನು ಆ ಪಿಸ್ಟನ್ನಿನ ಮೇಲಿಟ್ಟರೆ ಕಾರು ಗಾಳಿಯಲ್ಲಿ ನಿಲ್ಲುವುದು.

ಈ ಲೆಕ್ಕದಲ್ಲಿ ನನ್ನನ್ನು ಬಹುವಾಗಿ ಸೆಳೆದ ಸಂಗತಿ ಕೊನೆಯ ಉತ್ತರವಲ್ಲ, ನಡುವಣ ಒತ್ತಡ. ಚದರ ಸೆಂಟಿಮೀಟರಿಗೆ ಮೂರು ಕಿಲೋಗ್ರಾಂ ಎಂಬುದು ಅದೇ ಕಾರಿನ ಟೈರಿನೊಳಗೆ ತುಂಬುವ ಎರಡೂಕಾಲು ಕಿಲೋಗ್ರಾಮಿನಷ್ಟು ಗಾಳಿಯ ಒತ್ತಡಕ್ಕಿಂತ ಬಹಳ ಮೇಲಿನದೇನೂ ಅಲ್ಲ. ಕಾರನ್ನು ತಲೆಯೆತ್ತರಕ್ಕೆ ಹೊತ್ತು ನಿಲ್ಲುವ ಎಣ್ಣೆಯಲ್ಲಿ ಅಸಾಧಾರಣವಾದ ರಭಸವೇನೂ ಅಡಗಿಲ್ಲ; ವಿಸ್ತೀರ್ಣವೊಂದೇ ಅಲ್ಲಿ ಕೆಲಸ ಮಾಡುತ್ತಿದೆ.

ಆದರೆ ಇದಕ್ಕೆ ತೆರಬೇಕಾದ ಬೆಲೆ ದೂರದ ರೂಪದಲ್ಲಿದೆ. ಕಾರು ಒಂದೂವರೆ ಮೀಟರು ಮೇಲೇರಬೇಕಾದರೆ ಕಂಬದ ಬುಡಕ್ಕೆ ಎಪ್ಪತ್ತಮೂರೂವರೆ ಲೀಟರಿನಷ್ಟು ಎಣ್ಣೆ ಸೇರಬೇಕು. ಅಷ್ಟನ್ನು ತಳ್ಳಲು ಸಣ್ಣ ಪಿಸ್ಟನ್ನು ಒಟ್ಟು 150 ಮೀಟರು ಸರಿಯಬೇಕು. ಒಂದು ಹೊಡೆತಕ್ಕೆ 15 ಸೆಂಟಿಮೀಟರು ಸರಿಯುವುದೆಂದರೂ ಸಾವಿರ ಹೊಡೆತಗಳಾದವು. ಪ್ರತಿ ಹೊಡೆತದ ನಡುವೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಏಕಮುಖ ವಾಲ್ವೂ ಬೇಕು. ಹುಡುಗರು ಚಕ್ರ ಬದಲಿಸಲು ತಳ್ಳಿಕೊಂಡು ಬರುವ ಟ್ರಾಲಿ ಜಾಕಿನಲ್ಲಿ ಎತ್ತರ ಸ್ವಲ್ಪವಾದ್ದರಿಂದ ಈ ವಿಧಾನವೇ ನಡೆಯುತ್ತದೆ. ದೊಡ್ಡ ಲಿಫ್ಟಿನಲ್ಲಾದರೋ ಸಣ್ಣ ಪಿಸ್ಟನ್ನಿನ ಸ್ಥಾನವನ್ನು ಕಂಪ್ರೆಸರಿನ ಗಾಳಿ ಆಕ್ರಮಿಸಿದೆ: ಗಾಳಿಯು ಎಣ್ಣೆಯ ಟ್ಯಾಂಕಿನ ಮೇಲೆ ಒತ್ತುತ್ತದೆ, ಎಣ್ಣೆಯು ಕೊಳವೆಯ ಮೂಲಕ ಕಂಬದ ಬುಡಕ್ಕೆ ಹರಿಯುತ್ತದೆ. ಗಾಳಿಯನ್ನೇ ನೇರವಾಗಿ ಕಂಬದ ಕೆಳಗೆ ಬಿಡಬಾರದೇಕೆಂದರೆ, ಗಾಳಿ ಕುಗ್ಗಿ ಹಿಗ್ಗುವ ವಸ್ತು. ಮೇಲಿರುವ ಕಾರಿನಿಂದ ಭಾರವಾದ ಭಾಗವೊಂದನ್ನು ಬಿಚ್ಚಿ ತೆಗೆದ ಕ್ಷಣದಲ್ಲಿ ಅದು ಹಿಗ್ಗಿ ಕಾರನ್ನು ಮೇಲಕ್ಕೆ ಚಿಮ್ಮಿಸೀತು. ಎಣ್ಣೆಯ ವಾಲ್ವನ್ನು ಮುಚ್ಚಿದೊಡನೆ ಕಂಬವು ಇದ್ದಲ್ಲೇ ಕದಲದೆ ನಿಲ್ಲುವುದು ಎಣ್ಣೆಯು ಬಹುಮಟ್ಟಿಗೆ ಕುಗ್ಗದ ದ್ರವವಾದುದರಿಂದಲೇ.

ಕಾಗದದ ಲೆಕ್ಕಕ್ಕೂ ಒತ್ತಡಮಾಪಕದ ಮುಳ್ಳಿಗೂ ಸ್ವಲ್ಪ ಅಂತರವಿರುವುದು ಸಹಜ. ಕಂಬದ ಸುತ್ತ ಬಿಗಿಯಾಗಿ ಕುಳಿತ ಸೀಲು ಏರುವಾಗಲೂ ಇಳಿಯುವಾಗಲೂ ಚಲನೆಯನ್ನು ತಡೆಯುತ್ತದೆ. ಆದಕಾರಣ ನಿಧಾನವಾಗಿ ಏರುವಾಗ ಮುಳ್ಳು 3.3ನ್ನೂ ಅಷ್ಟೇ ನಿಧಾನವಾಗಿ ಇಳಿಯುವಾಗ 2.8ನ್ನೂ ತೋರಿದರೆ, ಅವೆರಡರ ಸರಾಸರಿಯಾದ 3.05 ನಿಜವಾದ ಭಾರವನ್ನೂ ವ್ಯತ್ಯಾಸದ ಅರ್ಧವಾದ 0.25 ಘರ್ಷಣೆಯನ್ನೂ ತಿಳಿಸುತ್ತವೆ. ಎಣ್ಣೆಗೂ ತನ್ನದೇ ತೂಕವುಂಟು. ಕಂಬದ ಬುಡ ಒಂದೂವರೆ ಮೀಟರು ಮೇಲೇರಿದಾಗ ಅದರ ಕೆಳಗೆ ಅಷ್ಟೆತ್ತರದ ಎಣ್ಣೆ ನಿಂತಿರುವುದರಿಂದ, ಪ್ರಾರಂಭದಲ್ಲಿ ಬೇಕಾದುದಕ್ಕಿಂತ ಸಣ್ಣ ಪಿಸ್ಟನ್ನಿನ ಮೇಲೆ ಕೊನೆಗೆ ಆರು ನ್ಯೂಟನ್ನಿನಷ್ಟು ಹೆಚ್ಚು ಬಲ ಬೇಕಾಗುತ್ತದೆ. ನೂರರಲ್ಲಿ ನಾಲ್ಕು ಪಾಲಿನಷ್ಟಾದ ಇದನ್ನು ಉಪೇಕ್ಷಿಸಿದರೆ ಬಾಧಕವಿಲ್ಲ.

ಉಪೇಕ್ಷಿಸಲಾಗದ ಮಿತಿ ಬೇರೊಂದಿದೆ. ಕಾರು ಚೌಕಟ್ಟಿನ ನಟ್ಟನಡುವೆ ನಿಂತಿರಲಿ, ಒಂದಡಿ ಮುಂದಕ್ಕೆ ನಿಂತಿರಲಿ, ಎಣ್ಣೆಯ ಒತ್ತಡ ಹೆಚ್ಚುಕಡಮೆ ಒಂದೇ. ಎಂಜಿನ್ ಮುಂದಿರುವ ಕಾರುಗಳ ಗುರುತ್ವಕೇಂದ್ರ ಸಾಮಾನ್ಯವಾಗಿ ಮುಂಭಾಗಕ್ಕೆ ಸರಿದಿರುವುದರಿಂದ, ಕಾರಿನ ಉದ್ದದ ಮಧ್ಯವನ್ನೇ ಕಂಬದ ನೇರಕ್ಕೆ ತಂದು ನಿಲ್ಲಿಸಿದರೆ ಕಂಬವು ಓರೆಯಾಗಿ ಒತ್ತಲ್ಪಟ್ಟು ಸೀಲಿನ ಒಂದು ಪಕ್ಕ ಬೇಗನೆ ಸವೆಯುತ್ತದೆ; ಮಾಪಕದ ಮುಳ್ಳು ಇದನ್ನು ಸ್ಪಷ್ಟವಾಗಿ ತಿಳಿಸಲಾರದು. ಆದ್ದರಿಂದ ಅನುಭವಿ ಮೆಕ್ಯಾನಿಕ್ಕು ಕಾರನ್ನು ಮೊದಲು ನೆಲದಿಂದ ಗೇಣೆತ್ತರಕ್ಕೆ ಮಾತ್ರ ಎತ್ತಿ, ಅಲ್ಲಾಡಿಸಿ ನೋಡಿ, ಬಳಿಕವೇ ಪೂರ್ಣವಾಗಿ ಎತ್ತುತ್ತಾನೆ.

ಸೀಲು ಸವೆಯಿತೆಂದು ತಿಳಿಯುವ ಬಗೆಯೂ ಇದೇ ಲೆಕ್ಕದಲ್ಲಿದೆ. ಕಾರನ್ನು ಎತ್ತಿ ವಾಲ್ವು ಮುಚ್ಚಿ, ಕಂಬದ ಮೇಲೆ ಸೀಮೆಸುಣ್ಣದ ಗೆರೆಯೆಳೆದು ಬಿಟ್ಟರೆ, ಗೆರೆ ಒಂದು ಮಿಲಿಮೀಟರು ಇಳಿಯುವಷ್ಟರಲ್ಲಿ 49 ಮಿಲಿಲೀಟರು ಎಣ್ಣೆ ಎಲ್ಲಿಗೋ ಹೋಗಿರಲೇಬೇಕು. ಕಂಬದ ಮೈ ಒದ್ದೆಯಾಗಿ ಸುತ್ತ ಎಣ್ಣೆ ಕಂಡುಬಂದರೆ ದೋಷ ಸೀಲಿನದು. ಮೈ ಒಣಗಿದ್ದೂ ಗೆರೆ ಇಳಿದಿದ್ದರೆ ಎಣ್ಣೆಯು ಬಹುಶಃ ಮುಚ್ಚಿದಂತೆ ಕಾಣುವ ವಾಲ್ವಿನ ಮೂಲಕ ಟ್ಯಾಂಕಿಗೆ ಹಿಂದಿರುಗುತ್ತಿದೆ, ಅಥವಾ ನೆಲದೊಳಗಿನ ಕೊಳವೆಯಲ್ಲಿ ಸೋರುತ್ತಿದೆ. ಟ್ಯಾಂಕಿನ ಮಟ್ಟ ಏರಿದೆಯೇ ಇಲ್ಲವೇ ಎಂದು ನೋಡಿದರೆ ಇವೆರಡರಲ್ಲಿ ಯಾವುದೆಂಬುದು ಗೊತ್ತಾಗುತ್ತದೆ. ಕಂಬವು ಎಡೆಬಿಡದೆ ಏರದೆ ತಡೆತಡೆದು ಜಿಗಿಯುತ್ತಿದ್ದರೆ ಎಣ್ಣೆಯಲ್ಲಿ ಗಾಳಿ ಸೇರಿರುವ ಶಂಕೆ ಬಲವಾಗುತ್ತದೆ. ಈ ಮೂರರಲ್ಲಿ ಯಾವುದೂ ಕಾಣದಿದ್ದಾಗಲೂ, ಕಾರಿನ ಅಡಿಗೆ ಹೋಗುವ ಮೊದಲು ಉಕ್ಕಿನ ಆಸರೆಗಾಲನ್ನು ಚೌಕಟ್ಟಿಗೆ ಸಿಕ್ಕಿಸಿ ಭಾರವನ್ನು ಅದರ ಮೇಲಿಳಿಸಲೇಬೇಕು. ಎಣ್ಣೆಯ ಕೆಲಸ ಎತ್ತುವುದು, ಎತ್ತಿದ್ದನ್ನು ಗಂಟೆಗಟ್ಟಲೆ ಹೊತ್ತು ನಿಲ್ಲುವುದು ಉಕ್ಕಿನ ಕೆಲಸ.